ಎಳೆ ಎಣಿಸಿದರೆ ಸಾಲದು

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ವಾಡಿಕೆಯಾಗಿರುವುದರಿಂದ, ಅಲ್ಲಿನ ಗೋಡೆಯೊಳಗಿನ ವೈರು ಮೊದಲೇ ಅರ್ಧ ಕಾದಿರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆಯ ವೈರಿನಲ್ಲಿ ತಾಮ್ರ 70 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು. ಉಳಿದ ಆ 30 ಡಿಗ್ರಿಯ ಅಂತರವನ್ನು ನಕಲಿ ವೈರು ಬಹುಬೇಗ ನುಂಗಿಬಿಡುತ್ತದೆ.

ಅಸಲಿ ವೈರಿನ ಹೊದಿಕೆಯ ಮೇಲೆ ತಯಾರಕರ ಹೆಸರು, ಅಳತೆ, ಐಎಸ್‌ಐ ಗುರುತು, ಪಿವಿಸಿ ವೈರಿನ ಭಾರತೀಯ ಮಾನಕವಾದ ಐಎಸ್ 694 ಮತ್ತು CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತವೆ. ಗುರುತನ್ನು ಯಾರಾದರೂ ಅಚ್ಚು ಹಾಕಬಹುದಾದ್ದರಿಂದ, ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ BIS Care ಆ್ಯಪ್‌ನಲ್ಲಿ ಹಾಕಿ, ಅಲ್ಲಿ ಕಾಣುವ ಕಂಪನಿಯೂ ಮಾನಕವೂ ಕೈಯಲ್ಲಿರುವ ವೈರಿನವೇ ಎಂದು ತಾಳೆ ನೋಡಬೇಕು. ಬೇರೆ ಸರಕಿನ ಸಂಖ್ಯೆಯನ್ನು ತಂದು ಅಂಟಿಸಿದ್ದರೆ ಅಲ್ಲೇ ಬಯಲಾಗುತ್ತದೆ.

ನಿಜವಾದ ಮೋಸ ಅಡಗಿರುವುದು ತಾಮ್ರದಲ್ಲಿ. ಮನೆಗಳಲ್ಲಿ ಹೆಚ್ಚಾಗಿ ಬಳಸುವ 1.5 ಚದರ ಮಿ.ಮೀ. ವೈರಿನಲ್ಲಿ ಸಾಮಾನ್ಯವಾಗಿ 0.3 ಮಿ.ಮೀ. ದಪ್ಪದ 22 ಎಳೆಗಳಿರುತ್ತವೆ ಎಂಬುದು ಬಲ್ಲ ಗಿರಾಕಿಗೂ ಗೊತ್ತಿರುವುದರಿಂದ, ನಕಲಿ ತಯಾರಕ ಎಳೆಗಳ ಸಂಖ್ಯೆಯನ್ನು ಹಾಗೇ ಬಿಟ್ಟು ದಪ್ಪವನ್ನು 0.25ಕ್ಕೆ ಇಳಿಸುತ್ತಾನೆ. ಕಣ್ಣಿಗೆ ತಿಳಿಯದ ಈ ಇಳಿಕೆಯಿಂದ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಶೇ 30ರಷ್ಟು ಕುಗ್ಗಿ 1.08 ಚದರ ಮಿ.ಮೀ.ಗೆ ಬರುತ್ತದೆ, ಅಷ್ಟೇ ಕರೆಂಟ್ ಹರಿದರೂ ಹುಟ್ಟುವ ಬಿಸಿ ಶೇ 44ರಷ್ಟು ಹೆಚ್ಚುತ್ತದೆ. 1.5ರ ವೈರೆಂದು ನಂಬಿ ಹಾಕಿದ ಎಂಸಿಬಿಗೆ, ಅಂದರೆ ಮಿತಿಮೀರಿದ ಕರೆಂಟನ್ನು ಕಡಿಯುವ ಸ್ವಿಚ್ಚಿಗೆ, ಇದು ತಿಳಿಯುವುದೇ ಇಲ್ಲ. ಒಂದು ಎಳೆಯನ್ನು ಬಿಡಿಸಿ ಪೆನ್ಸಿಲಿಗೆ ಒತ್ತಾಗಿ 20 ಸುತ್ತು ಸುತ್ತಿ ಅಳೆದರೆ 6 ಮಿ.ಮೀ. ಬರಬೇಕು, 5 ಬಂದರೆ ಎಳೆ ತೆಳ್ಳಗಿದೆ ಎಂದೇ ಅರ್ಥ. ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಿಬಣ್ಣ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ.

ಹೊದಿಕೆಯನ್ನು ಕತ್ತರಿಸಿದ ತುದಿಯಲ್ಲಿ ನೋಡಬೇಕು. ತಾಮ್ರ ನಟ್ಟನಡುವೆ ಇದ್ದು ಸುತ್ತಲೂ ಸುಮಾರು 0.7 ಮಿ.ಮೀ. ಪಿವಿಸಿ ಸಮನಾಗಿರಬೇಕು, ಒಂದು ಪಕ್ಕಕ್ಕೆ ಸರಿದಿದ್ದರೆ ತೆಳುವಾದ ಕಡೆ ಮೊದಲು ಸೋಲುತ್ತದೆ. ಬೆಂಕಿ ಹಚ್ಚಿ ನೋಡುವ ಅಂಗಡಿ ಪರೀಕ್ಷೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ, ಏಕೆಂದರೆ ಸಾಧಾರಣ ಪಿವಿಸಿಯೂ ಜ್ವಾಲೆ ಸರಿಸಿದಾಗ ಆರುವುದುಂಟು, ಹೊಗೆಯೂ ವಿಷಕಾರಿ.

ಬೆಲೆಯ ಅನುಮಾನವನ್ನು ಲೆಕ್ಕದಿಂದಲೇ ತೀರಿಸಿಕೊಳ್ಳಬಹುದು. 90 ಮೀಟರಿನ 1.5ರ ಕಾಯಿಲ್‌ನಲ್ಲಿ ಸುಮಾರು 1.2 ಕಿಲೋ ತಾಮ್ರ ಇರಬೇಕಾದ್ದರಿಂದ, ತಾಮ್ರಕ್ಕೆ ಕಿಲೋಗೆ 900 ರೂಪಾಯಿ ಹಿಡಿದರೂ ಲೋಹಕ್ಕೇ 1,080 ರೂಪಾಯಿ ಆಗುತ್ತದೆ. ಕಾಯಿಲ್ಲನ್ನೇ ಅದಕ್ಕಿಂತ ಅಗ್ಗಕ್ಕೆ ಕೊಡುವವನು ತಾಮ್ರವನ್ನಾದರೂ ಉದ್ದವನ್ನಾದರೂ ಕಡಿಮೆ ಮಾಡಿರಲೇಬೇಕು. ಸಂಶಯ ಉಳಿದರೆ ಒಂದು ಮೀಟರ್ ತುಂಡಿನ ಹೊದಿಕೆ ಸುಲಿದು ಪತ್ತಾರರ ತಕ್ಕಡಿಯಲ್ಲಿ ತೂಗಿಸಬಹುದು: ಸರಿಯಾದ ತಾಮ್ರ 13 ಗ್ರಾಂ ಆಸುಪಾಸು ತೂಗಿದರೆ, 0.25ರ ಎಳೆಯದು ಹತ್ತು ಗ್ರಾಂ ಕೂಡ ಮುಟ್ಟುವುದಿಲ್ಲ, ಲೇಪಿತ ಅಲ್ಯೂಮಿನಿಯಂ ಅದಕ್ಕಿಂತಲೂ ಬಹಳ ಹಗುರ.