ಬೆಳೆಯುವ ವಿಶ್ವದ ಸಮೀಕರಣ: ರಸಿಕರಿಗೊಂದು ಕೈಪಿಡಿ

ಪುಣೆಯ ಗಣೇಶಖಿಂಡದಲ್ಲಿ, ವಿಶ್ವವಿದ್ಯಾಲಯದ ಆವರಣದೊಳಗೆ ಅಯುಕಾ ಎಂಬ ಖಗೋಳವಿಜ್ಞಾನ ಕೇಂದ್ರವಿದೆ. 1988ರಲ್ಲಿ ಅದನ್ನು ಕಟ್ಟಿದವರು ಜಯಂತ ನಾರ್ಳಿಕರ್. ವಿಶ್ವ ಹೇಗೆ ಹಿಗ್ಗುತ್ತದೆ ಎಂಬುದೇ ಅವರ ಜೀವನದ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯ ಅತಿ ಸರಳ ರೂಪ ಒಂದೇ ಸಾಲಿನ ಸಮೀಕರಣ. ಅದನ್ನು ಸವಿಯಲು ಕಲಿತರೆ ಎರಡನೇ ದರ್ಜೆಯ ಅವಕಲ ಸಮೀಕರಣಗಳ ಒಂದು ದೊಡ್ಡ ಕುಟುಂಬವೇ ಪರಿಚಯವಾಗುತ್ತದೆ.

ಮೊದಲು, ಏನು ಇಲ್ಲ ಎಂದು ನೋಡಿ

ಧೂಳಿನಂತೆ ಸಮವಾಗಿ ಹರಡಿದ ದ್ರವ್ಯದ ಒಂದು ದೊಡ್ಡ ಗೋಳ ಹಿಗ್ಗುತ್ತಿದೆ ಎನ್ನೋಣ. ಅದರ ತ್ರಿಜ್ಯ y. ಒಳಗಿನ ದ್ರವ್ಯವೆಲ್ಲ ಸೇರಿ ಅಂಚನ್ನು ಒಳಕ್ಕೆ ಸೆಳೆಯುತ್ತದೆ:

y″ = −k/y²

ಈ k ಗುರುತ್ವ ಸ್ಥಿರಾಂಕ ಮತ್ತು ಗೋಳದ ದ್ರವ್ಯರಾಶಿಗಳ ಗುಣಲಬ್ಧ. 1922ರಲ್ಲಿ ಫ್ರೀಡ್ಮನ್ ಐನ್‌ಸ್ಟೈನರ ಸಿದ್ಧಾಂತದಿಂದ ಪಡೆದ ಚಲನೆಯನ್ನೇ 1934ರಲ್ಲಿ ಮಿಲ್ನ್ ಮತ್ತು ಮೆಕ್ರಿಯಾ ಹೀಗೆ ನ್ಯೂಟನ್ನನ ನಿಯಮದಿಂದಲೂ ಪಡೆದು ತೋರಿಸಿದರು.

ಬಲಗಡೆ ಕಾಲ t ಎಲ್ಲೂ ಕಾಣುವುದಿಲ್ಲ. ಸೆಳೆತ ಎಷ್ಟೆಂದು ತಿಳಿಯಲು ಗಾತ್ರ ಗೊತ್ತಿದ್ದರೆ ಸಾಕು, ಗಡಿಯಾರ ಬೇಡ. ಹಾಗಿದ್ದ ಮೇಲೆ ವೇಗವನ್ನೂ ಗಾತ್ರದ ಮೂಲಕವೇ ಏಕೆ ಕೇಳಬಾರದು?

ತಿರುವಿನ ಹೆಜ್ಜೆ

ಇಳಿಜಾರು y′ ಅನ್ನು p ಎಂದು ಕರೆಯಿರಿ. ಅದನ್ನು t ಯ ಬದಲು y ಯ ಫಲನವೆಂದು ಭಾವಿಸಿ. ಆಗ ಸರಪಳಿ ನಿಯಮದಂತೆ y″ = p·dp/dy. ಸಮೀಕರಣ ಹೀಗಾಗುತ್ತದೆ:

p·dp/dy = −k/y²

ಎರಡನೇ ದರ್ಜೆಯದು ಮೊದಲನೇ ದರ್ಜೆಗಿಳಿಯಿತು, ಚರಗಳೂ ಬೇರೆಬೇರೆಯಾದವು. ಎರಡೂ ಬದಿ ಅನುಕಲಿಸಿದರೆ:

p²/2 = k/y + C

ಎರಡು ಸ್ಥಿರಾಂಕಗಳ ಅಂತರ

ಈ ವಿಧಾನದ ನಿಜವಾದ ಸೊಗಸು ಇಲ್ಲಿದೆ. ಎರಡನೇ ದರ್ಜೆಯ ಸಮೀಕರಣಕ್ಕೆ ಎರಡು ಸ್ಥಿರಾಂಕಗಳು ಬೇಕು. ಬೇರೆ ದಾರಿಗಳಲ್ಲಿ ಅವು ಹೆಣೆದುಕೊಂಡೇ ಬರಬಹುದು. ಇಲ್ಲಿ ತಾವಾಗಿಯೇ ಬೇರ್ಪಡುತ್ತವೆ. ಮೊದಲು ಬಂದ C ಗೋಳದ ಹಣೆಬರಹ. C ಧನವಾಗಿದ್ದರೆ y ಎಷ್ಟು ದೊಡ್ಡದಾದರೂ ವೇಗ ಉಳಿಯುತ್ತದೆ. ಸೊನ್ನೆಯಾಗಿದ್ದರೆ ವೇಗ ಸೊನ್ನೆಯತ್ತ ಸಾಗುತ್ತದೆ, ಆದರೆ ಎಂದೂ ನಿಲ್ಲುವುದಿಲ್ಲ. ಋಣವಾಗಿದ್ದರೆ y = k/|C| ಆದಾಗ ಹಿಗ್ಗುವಿಕೆ ನಿಂತು ಕುಗ್ಗುವಿಕೆ ಶುರುವಾಗುತ್ತದೆ. ಇಷ್ಟನ್ನೂ t ಯನ್ನು ಮುಟ್ಟದೆಯೇ ತಿಳಿದೆವು. ಎರಡನೇ ಸ್ಥಿರಾಂಕ ಗಡಿಯಾರವನ್ನು ಎಲ್ಲಿಂದ ಎಣಿಸಬೇಕೆಂದು ಮಾತ್ರ ಹೇಳುತ್ತದೆ.

ಎಚ್ಚರ ಬೇಕಾದ ಜಾಗ

C ಋಣವಾದಾಗ y = k/|C| ಎಂಬ ಸ್ಥಿರ ಬೆಲೆಯನ್ನು ಮೊದಲನೇ ದರ್ಜೆಯ ಸಮೀಕರಣಕ್ಕೆ ಹಾಕಿ ನೋಡಿ. ಎರಡೂ ಬದಿ ಸೊನ್ನೆಯಾಗಿ ಸರಿಹೊಂದುತ್ತದೆ. ಅಂದರೆ ಗೋಳ ತುದಿ ಮುಟ್ಟಿ ಅಲ್ಲೇ ನಿಂತುಬಿಡಬಹುದೆ? ಮೂಲ ಸಮೀಕರಣಕ್ಕೆ ಹಾಕಿದರೆ ಎಡಗಡೆ ಸೊನ್ನೆ, ಬಲಗಡೆ −k/y². ಸುಳ್ಳು ಬಯಲಾಯಿತು. p ಸೊನ್ನೆಯಾಗುವ ಜಾಗದಲ್ಲಿ ಅದನ್ನು y ಯ ಒಂದೇ ಫಲನವೆನ್ನಲಾಗದು: ಅಲ್ಲಿಯವರೆಗೆ ಧನ ವರ್ಗಮೂಲ, ಅಲ್ಲಿಂದಾಚೆಗೆ ಋಣ ವರ್ಗಮೂಲ. ಆದ್ದರಿಂದ ಪ್ರತಿ ಉತ್ತರವನ್ನೂ ಮೂಲಕ್ಕೆ ಮರಳಿ ಹಾಕಿ ಪರೀಕ್ಷಿಸಬೇಕು.

ಕಾಲವನ್ನು ಮರಳಿ ಕರೆಯುವುದು

C = 0 ಎಂದಿಟ್ಟುಕೊಳ್ಳಿ. ಆಗ √y·dy = √(2k)·dt. ಅನುಕಲಿಸಿ, ಗಾತ್ರ ಸೊನ್ನೆಯಿದ್ದ ಕ್ಷಣದಿಂದ ಕಾಲವನ್ನು ಎಣಿಸಿದರೆ y ಯು t^(2/3) ರಂತೆ ಬೆಳೆಯುತ್ತದೆ. ಇದರಿಂದ H = y′/y = 2/(3t), ಅಂದರೆ ವಯಸ್ಸು t = 2/(3H). ಇಂದಿನ ಅಳತೆಗಳಂತೆ 1/H ಸುಮಾರು 1400 ಕೋಟಿ ವರ್ಷ. ವಯಸ್ಸು ಸುಮಾರು 930 ಕೋಟಿ. ಆದರೆ ಅತಿ ಹಳೆಯ ನಕ್ಷತ್ರಗಳಿಗೆ 1200 ಕೋಟಿಗೂ ಹೆಚ್ಚು ವಯಸ್ಸಾಗಿದೆ. ಮಕ್ಕಳಿಗಿಂತ ತಾಯಿ ಚಿಕ್ಕವಳಾಗಲಾರಳು. ಗಣಿತದಲ್ಲಿ ತಪ್ಪಿಲ್ಲ, ಊಹೆಯಲ್ಲಿದೆ: ಸೆಳೆತವೊಂದೇ ಸಾಲದು.

ದೂರದ ಸೂಪರ್‌ನೋವಾಗಳು ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು 1998ರಲ್ಲಿ ತೋರಿಸಿದವು. ಹಾಗಾಗಿ ಸಮೀಕರಣಕ್ಕೆ ತಳ್ಳುವ ಪದವೊಂದು ಸೇರುತ್ತದೆ: y″ = −k/y² + λy. ಈಗಲೂ t ಇಲ್ಲ, ಅದೇ ಹೆಜ್ಜೆ ನಡೆಯುತ್ತದೆ:

p²/2 = k/y + λy²/2 + C

C = 0 ಇರಿಸಿ, ಇಂದು ಸೆಳೆತದ ಪದಕ್ಕೆ ಸುಮಾರು 30 ಪಾಲು, ತಳ್ಳುವಿಕೆಯ ಪದಕ್ಕೆ 70 ಪಾಲು ಕೊಟ್ಟರೆ ವಯಸ್ಸು ಸುಮಾರು 1350 ಕೋಟಿ ವರ್ಷಕ್ಕೇರುತ್ತದೆ. ನಕ್ಷತ್ರಗಳಿಗೆ ಜಾಗ ಸಿಕ್ಕಿತು.

y ತುಂಬ ದೊಡ್ಡದಾದಾಗ k/y ಸವೆದು p ಸುಮಾರು √λ·y ಆಗುತ್ತದೆ. ಇಳಿಜಾರು ಗಾತ್ರಕ್ಕೆ ನೇರ ಅನುಪಾತದಲ್ಲಿದ್ದರೆ ಬೆಳವಣಿಗೆ ಘಾತೀಯ. ಹಾಯ್ಲ್ ಜೊತೆಗೂಡಿ ನಾರ್ಳಿಕರ್ ಬೆಳೆಸಿದ ಸ್ಥಿರಸ್ಥಿತಿ ವಿಶ್ವದ ಹಿಗ್ಗುವಿಕೆಯ ನಿಯಮವೂ ಇದೇ, ಕಾರಣ ಮಾತ್ರ ಬೇರೆ: ಅಲ್ಲಿ ಹೊಸ ದ್ರವ್ಯ ಹುಟ್ಟುತ್ತಲೇ ಇರುತ್ತದೆ. y–p ಹಾಳೆಯ ಮೇಲೆ ಅವರ ವಿಶ್ವ ಮೊದಲಿಂದಲೂ ಒಂದು ಸರಳರೇಖೆ. ನಮ್ಮದು ವಕ್ರವಾಗಿ ಇಳಿದು, ಮತ್ತೆ ಏರಿ, ಕೊನೆಗೆ ಅಂಥದೇ ಒಂದು ರೇಖೆಯನ್ನು ಸಮೀಪಿಸುತ್ತದೆ. ಹೊಸ ಸಮೀಕರಣವೊಂದರಲ್ಲಿ t ಕಾಣದಿದ್ದರೆ, ಬಿಡಿಸಲು ಹೊರಡುವ ಮೊದಲು ಈ ಹಾಳೆಯ ಮೇಲೆ ಅದರ ಗೆರೆಗಳನ್ನು ಎಳೆದು ನೋಡಿ.