ವಿನಂತಿ ಇದೆ, ಬಸ್ಸಿಲ್ಲ

ಪತ್ರಲೇಖನಕ್ಕೆ ಪೂರ್ಣ ಅಂಕ ಬಿದ್ದ ಒಂದು ಉತ್ತರಪತ್ರಿಕೆಯನ್ನು ಹಾಸ್ಟೆಲ್ ವಾರ್ಡನ್ ಒಬ್ಬರ ಕೈಗೆ ಕೊಟ್ಟು, ‘ಇಷ್ಟನ್ನೇ ನಂಬಿ ಮಗುವನ್ನು ಊರಿಗೆ ಕಳಿಸುತ್ತೀರಾ?’ ಎಂದು ಕೇಳಿ ನೋಡಬೇಕು. ಕಳಿಸಲಾರರು. ಕಳಿಸಿ ಹೆಚ್ಚುಕಡಿಮೆಯಾದರೆ ಅವರ ಕೆಲಸಕ್ಕೇ ಸಂಚಕಾರ. ಗೈಡುಗಳಲ್ಲಿ ವರ್ಷವರ್ಷವೂ ಅಚ್ಚಾಗುವ, ‘ಮಾದರಿ’ ಎಂಬ ಬಿರುದು ಹೊತ್ತ, ವಾರ್ಡನ್ ಬಳಿ ರಜೆ ಕೇಳುವ ಈ ಅರ್ಜಿ ಬರಹವಾಗಿಯೂ ಸೋತಿದೆ, ಅರ್ಜಿಯಾಗಿಯೂ ಸೋತಿದೆ ಎಂಬುದು ನನ್ನ ತಕರಾರು.

‘ಇವರಿಂದ’, ‘ಇವರಿಗೆ’, ‘ಮಾನ್ಯರೇ’ ಎಲ್ಲರಿಗೂ ಬಾಯಿಪಾಠ. ಅವುಗಳ ಗೊಡವೆ ಬೇಡ. ದಿನಾಂಕ, ವಿಷಯ ತಮ್ಮ ಜಾಗದಲ್ಲಿದ್ದರೆ ಫೈಲಿನಲ್ಲಿ ಹುಡುಕಲು ಅನುಕೂಲ, ಒಪ್ಪಿದೆ. ನನಗೆ ಬೇಕಾದದ್ದು ನಡುವಿನ ಆ ಒಂದೇ ವಾಕ್ಯ: ‘ನಮ್ಮ ಮನೆಯಲ್ಲಿ ಕಾರ್ಯಕ್ರಮವಿರುವುದರಿಂದ ಮೂರು ದಿನಗಳ ಕಾಲ ರಜೆ ನೀಡಬೇಕಾಗಿ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುತ್ತೇನೆ.’

ಮೊದಲಿಗೆ ‘ರಜೆ’. ರಜೆ ಕೊಡುವವರು ಹೆಡ್ ಮಾಸ್ತರು, ಪ್ರಾಂಶುಪಾಲರು. ವಾರ್ಡನ್ ಬಳಿ ರಜೆಯೇ ಇಲ್ಲ. ಅವರು ಕೊಡುವುದು ಗೇಟು ದಾಟುವ ಅನುಮತಿ. ಶಾಲೆಗೆ ಬರೆಯುವ ಅರ್ಜಿ ಗೈರುಹಾಜರಿಗೆ ಕಾರಣ ಹೇಳಿದರೆ ಸಾಕು. ಹಾಸ್ಟೆಲ್ಲಿಗೆ ಬರೆಯುವುದು ಗೇಟಿನಿಂದ ಮನೆಯ ಬಾಗಿಲವರೆಗೆ ಮಗು ಯಾರ ಜವಾಬ್ದಾರಿ ಎಂಬುದನ್ನು ಹೇಳಬೇಕು. ಗೈಡು ಬರೆದವರು ಮೊದಲನೆಯದನ್ನೇ ತಂದು ವಿಳಾಸ ಬದಲಿಸಿ ಅಂಟಿಸಿದ್ದಾರೆ.

ಇನ್ನು ‘ಮೂರು ದಿನ’. ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಪಿಯುಸಿ ಓದುವ ಹೊರನಾಡಿನ ಹುಡುಗಿ ಒಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ಬುಧವಾರ ಅವಳ ಅಕ್ಕನ ಮದುವೆ. ಊರು ಸುಮಾರು 100 ಕಿಲೋಮೀಟರ್ ದೂರ, ಆದರೆ ಆಲ್ದೂರು, ಬಾಳೆಹೊನ್ನೂರು, ಮಾಗುಂಡಿ ಎಂದು ಬಳುಕುವ ಘಟ್ಟದ ರಸ್ತೆಯ ನೂರು ಅದು. ಮಂಗಳವಾರ ಕಾಲೇಜು ಬಿಟ್ಟ ಮೇಲೆ ಹೊರಟರೆ ಕಳಸ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ, ಅಲ್ಲಿಂದ ಹೊರನಾಡಿಗೆ ಇನ್ನೊಂದು ಬಸ್ಸು ಸಿಗಬೇಕು. ಆದ್ದರಿಂದ ಅವಳು ಮಧ್ಯಾಹ್ನದ ಊಟ ಮುಗಿಸಿಯೇ ಹೊರಡಬೇಕು, ಗುರುವಾರ ಸಂಜೆ ಮರಳಬೇಕು. ಕಾಲೇಜಿನ ಲೆಕ್ಕದಲ್ಲಿ ಇದು ಎರಡೂವರೆ ದಿನ. ಹಾಸ್ಟೆಲ್ಲಿನ ಲೆಕ್ಕದಲ್ಲಿ ಎರಡು ರಾತ್ರಿ. ಅಡುಗೆಯವರ ಲೆಕ್ಕದಲ್ಲಿ ಮಂಗಳವಾರ ರಾತ್ರಿಯದೊಂದು, ಬುಧವಾರದ ಮೂರು, ಗುರುವಾರದ ತಿಂಡಿ ಮತ್ತು ಮಧ್ಯಾಹ್ನದೂಟ: ಒಟ್ಟು ಆರು ಹೊತ್ತು. ಸರ್ಕಾರಿ ಹಾಸ್ಟೆಲ್ಲಿನಲ್ಲಿ ಊಟದ ಖರ್ಚು ಹಾಜರಾತಿಗೆ ತಾಳೆಯಾಗಬೇಕು, ಅನ್ನಕ್ಕೆ ಅಕ್ಕಿ ಅಳೆಯುವುದು ತಲೆ ಎಣಿಸಿಯೇ. (ಬಂದವರೆಷ್ಟು ಎಂದು ಕೇಳದೆ ಎಲ್ಲರಿಗೂ ಎಲೆ ಹಾಕುವ ಅನ್ನಪೂರ್ಣೇಶ್ವರಿಯ ಊರಿನ ಹುಡುಗಿಗೆ ಈ ಲೆಕ್ಕ ಸ್ವಲ್ಪ ಹೊಸತೇ ಇರಬಹುದು.) ‘ಮೂರು ದಿನಗಳ ಕಾಲ’ ಎಂಬುದು ಈ ಮೂರು ಲೆಕ್ಕಗಳಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ.

‘ಕಾರ್ಯಕ್ರಮ’ ಅದಕ್ಕಿಂತ ದೊಡ್ಡ ಕಳ್ಳ. ಅಕ್ಕನ ಮದುವೆಗೂ ದೂರದ ನೆಂಟರ ಮನೆಯ ನಾಮಕರಣಕ್ಕೂ ಇರುವ ಅಂತರವನ್ನು ಅದು ನುಂಗಿಬಿಡುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇನ್ನೊಂದನ್ನೂ ಮುಚ್ಚಿಡುತ್ತದೆ: ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದರೆ ಮನೆಯಲ್ಲಿ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಬೇಕು. ಅದನ್ನು ಹಾಗೆಯೇ ಬರೆದರೆ ಕಳಿಸಲಾರರೆಂದು ಅವಳೂ ‘ಕಾರ್ಯಕ್ರಮ’ ಎಂದೇ ಬರೆಯುತ್ತಾಳೆ. ಅನುಭವಿ ವಾರ್ಡನ್ನಿಗೆ ಇದು ಗೊತ್ತು. ಅದಕ್ಕೇ ಅವರು ಆಮಂತ್ರಣ ಪತ್ರಿಕೆ ತೋರಿಸು ಎನ್ನುವುದು. ಮದುವೆಗೆ ಲಗ್ನಪತ್ರಿಕೆ ಇರುತ್ತದೆ. ಅಜ್ಜನ ತಿಥಿಗೆ, ಮನೆಯ ಪಂಜುರ್ಲಿಗೆ ವರ್ಷಕ್ಕೊಮ್ಮೆ ಕೊಡುವ ಪೂಜೆಗೆ ಯಾರೂ ಕಾರ್ಡು ಅಚ್ಚು ಹಾಕಿಸುವುದಿಲ್ಲ. ಹೀಗಾಗಿ ಕಾರ್ಡಿದ್ದ ಮನೆಯ ಮಗು ಸತ್ಯವಂತ, ಇಲ್ಲದ ಮನೆಯದು ಅನುಮಾನಾಸ್ಪದ. ಏನು ಪೂಜೆ, ಯಾರ ತಿಥಿ, ತಾನು ಯಾಕೆ ಅಲ್ಲಿರಬೇಕು ಎಂದು ಎರಡು ಸಾಲು ಬರೆಯಲು ಯಾರಾದರೂ ಕಲಿಸಿದ್ದರೆ ಈ ಅನುಮಾನದ ಅರ್ಧ ಅಲ್ಲೇ ಕರಗುತ್ತಿತ್ತು.

ಕೊನೆಗೆ ಆ ಕ್ರಿಯಾಪದ. ಒಳಗಿರುವುದು ‘ನೀಡಬೇಕು’, ಅಂದರೆ ನೇರವಾದ ಬೇಡಿಕೆ. ಹೆದರಿ ಅದಕ್ಕೊಂದು ‘ಆಗಿ’ ಹಚ್ಚಿದ್ದಾಯಿತು. ವಿನಂತಿ ಎಂಬ ಮಾತಿನಲ್ಲೇ ಬಾಗುವುದಿದೆ. ಸಾಲದೆಂದು ಮುಂದೆ ‘ಸವಿನಯ’ ಬಂತು, ಹಿಂದೆ ‘ಕೊಳ್ಳು’ ಬಂತು. ಮೂರು ಸಲ ಬಾಗಿದ ಮೇಲೆ ಹೇಳಬೇಕಾದ ಮಾತಿಗೆ ಉಸಿರೇ ಉಳಿದಿಲ್ಲ.

ಇಲ್ಲಿ ಕೆಲವು ವಿಮರ್ಶಕ ಮಿತ್ರರೊಡನೆ ನನ್ನ ಜಗಳ. ಇದೆಲ್ಲ ಇಂಗ್ಲಿಷರ ಗುಮಾಸ್ತಗಿರಿಯ ಪಳೆಯುಳಿಕೆ, ಇದನ್ನು ಕಿತ್ತೊಗೆದು ಅಚ್ಚಗನ್ನಡದ ‘ಬಿನ್ನಹ’ ಬರೆದರೆ ಸರಿಹೋಗುತ್ತದೆ ಎನ್ನುತ್ತಾರೆ ಅವರು. ‘ತಮ್ಮ ವಿಧೇಯ’ದ ಬಗ್ಗೆ ಅವರ ಮಾತು ನಿಜವಿರಬಹುದು. ಆದರೆ ‘ಅರ್ಜಿ’ ನಮಗೆ ಬಂದದ್ದು ಅರಬಿ-ಪಾರಸಿಯ ದಾರಿಯಿಂದ, ‘ಬಿನ್ನಹ’ ಸಂಸ್ಕೃತದ ‘ವಿಜ್ಞಾಪನ’ದ ತದ್ಭವ. ದೊರೆ ಯಾರೇ ಬಂದರೂ ಬಾಗಿದವರು ನಾವು; ಒಬ್ಬರ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಿತ್ರರು ತಾವೇ ಎತ್ತಿಹಿಡಿಯುವ ಪದದ ಹೊಟ್ಟೆಯೊಳಗೆ ಇಣುಕಿಲ್ಲ. ವಿಜ್ಞಾಪನ ಎಂದರೆ ತಿಳಿಯಪಡಿಸುವುದು. ‘ಅರ್ಜಿ’ಯ ಮೂಲದಲ್ಲೂ ಮುಂದಿಡುವುದು ಎಂಬ ಅರ್ಥವೇ ಇದೆ. ಎರಡರಲ್ಲೂ ಮೊದಲು ಇದ್ದದ್ದು ಸುದ್ದಿ. ನಾವು ಸುದ್ದಿಯನ್ನು ಬಿಟ್ಟು ನಮಸ್ಕಾರವನ್ನು ಮಾತ್ರ ಇಟ್ಟುಕೊಂಡೆವು. ಪದ ಬದಲಿಸಿದರೆ ಬಸ್ಸಿನ ಹೆಸರು ತಾನಾಗಿ ಬರುವುದಿಲ್ಲ.

ಇನ್ನೊಂದು ಪಂಗಡದವರು, ಫೋನಿರುವಾಗ ಅರ್ಜಿ ಯಾಕೆ ಎಂದು ಕೇಳುತ್ತಾರೆ. ಮಗು ಊರು ಮುಟ್ಟದ ದಿನ, ಫೋನಿನಲ್ಲಿ ಯಾರು ಏನು ಹೇಳಿದ್ದರು ಎಂದು ಇಬ್ಬರೂ ಮರೆಯುತ್ತಾರೆ, ಹಾಳೆ ಮರೆಯುವುದಿಲ್ಲ. ಫೋನು ಬೇಕಾದದ್ದು ಬೇರೆ ಕೆಲಸಕ್ಕೆ. ಅರ್ಜಿಯ ಅಕ್ಷರದ ವಾಲಿಕೆಯೇ ಅಪ್ಪನ ಸಹಿಯಲ್ಲೂ ಕಂಡರೆ, ಪೆನ್ನೂ ಒಂದೇ ಆಗಿದ್ದರೆ, ಆಗ ಅಪ್ಪನಿಗೆ ಕರೆ ಮಾಡಬೇಕು. ಅದೂ ಅರ್ಜಿಯಲ್ಲಿ ಬರೆದ ನಂಬರಿಗಲ್ಲ, ಸೇರುವಾಗ ದಾಖಲಾತಿ ಫಾರಂನಲ್ಲಿ ಕೊಟ್ಟಿದ್ದ ನಂಬರಿಗೆ.

ಬೈದವನು ಬರೆದು ತೋರಿಸಬೇಕು ಎನ್ನುತ್ತೀರಿ. ಆ ಹುಡುಗಿಯ ಪರವಾಗಿ ನಾನು ಬರೆದರೆ ಹೀಗೆ:

‘ಮೇಡಂ, ಬರುವ ಬುಧವಾರ ಹೊರನಾಡಿನಲ್ಲಿ ನಮ್ಮ ಮನೆಯಲ್ಲೇ ನನ್ನ ಅಕ್ಕನ ಮದುವೆ ಇದೆ. ಮಂಗಳವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತೇನೆ. ಕರೆದುಕೊಂಡು ಹೋಗಲು ಚಿಕ್ಕಪ್ಪ ಹಾಸ್ಟೆಲ್ಲಿಗೇ ಬರುತ್ತಾರೆ, ಕಳಸದ ಬಸ್ಸಿಗೆ ಹೋಗುತ್ತೇವೆ. ಗುರುವಾರ ಸಂಜೆ ಅವರೇ ತಂದು ಬಿಡುತ್ತಾರೆ, ರಾತ್ರಿ ಊಟಕ್ಕೆ ಇರುತ್ತೇನೆ. ನಡುವಿನ ಆರು ಹೊತ್ತಿಗೆ ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾಲೇಜಿಗೆ ರಜಾ ಅರ್ಜಿ ಬೇರೆ ಕೊಟ್ಟಿದ್ದೇನೆ. ಅಪ್ಪನ ಸಹಿ ಕೆಳಗಿದೆ. ದಯವಿಟ್ಟು ಕಳಿಸಿಕೊಡಿ.’

ಇದರಲ್ಲಿ ‘ಸವಿನಯ’ ಇಲ್ಲ, ಮೌಲ್ಯಮಾಪಕರು ಅಂಕ ಕಡಿಯಬಹುದು. ನಿಜವಾದ ಕೊರತೆ ಬೇರೆ ಇದೆ. ಮದುವೆ ಜೂನ್ ಕೊನೆಗೆ ಬಿದ್ದು ಮಳೆ ಹಿಡಿದರೆ, ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುತ್ತಾಳೆ. ಹಳುವಳ್ಳಿ ಕಡೆಯಿಂದ ಸುತ್ತಿ ಬರಬೇಕು, ಗುರುವಾರ ಸಂಜೆಯ ಮಾತು ಶುಕ್ರವಾರಕ್ಕೆ ಜಾರಬಹುದು. ಕರೆಂಟು ಹೋದರೆ ಟವರೂ ಹೋಗುತ್ತದೆ, ಅಪ್ಪನ ನಂಬರು ಸಿಗುವುದಿಲ್ಲ. ಸೇತುವೆಯ ಈಚೆ ದಡದಲ್ಲಿ, ಕಳಸ ಪೇಟೆಯಲ್ಲಿರುವ ನೆಂಟರೊಬ್ಬರ ನಂಬರನ್ನೂ ಅವಳು ಸಹಿಯ ಕೆಳಗೆ ಬರೆಯಬೇಕಿತ್ತು.