ಒತ್ತಿದವರು ಎಲ್ಲಿ ಹೋದರು?

ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ವ್ಯಾಪಾರಿಗಳು ಈಗ ಬೀಜ, ಟ್ರ್ಯಾಕ್ಟರ್, ಪಂಪ್‌ಸೆಟ್, ಕಾಲೇಜು ಪ್ರವೇಶಕ್ಕೆಲ್ಲ ಫೋನಿನಲ್ಲೂ ಜಾಹೀರಾತು ಹಾಕಿಸುತ್ತಾರೆ. ತಿಂಗಳ ಕೊನೆಗೆ ಏಜೆನ್ಸಿಯವರ ವರದಿ ಬರುತ್ತದೆ. ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಎಷ್ಟು ಜನ ಫಾರ್ಮ್ ತುಂಬಿದರು ಎಂಬ ಲೆಕ್ಕದ ಜೊತೆಗೆ ಒಂದು ಮಾತೂ ಬರುತ್ತದೆ: "ಹಳ್ಳಿ ಮಂದಿ ಸುಮ್ನ ಒತ್ತತಾರ್ರೀ, ಫಾರ್ಮ್ ತುಂಬೂದಿಲ್ಲ." ಮುಂದಿನ ತಿಂಗಳು ಹಳ್ಳಿಗಳನ್ನು ಬಿಟ್ಟು ಬೆಳಗಾವಿ, ಹುಬ್ಬಳ್ಳಿ, ಧಾರವಾಡಕ್ಕೆ ಮಾತ್ರ ಜಾಹೀರಾತು ಹೋಗುತ್ತದೆ. ಈ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಸಲ ಹಳ್ಳಿಯವರು ಫಾರ್ಮ್ ತುಂಬದೆ ಇರುವುದಕ್ಕೆ ಕಾರಣ, ಆ ಫಾರ್ಮ್ ಅವರ ಫೋನಿನ ತೆರೆಗೆ ಬಂದೇ ಇರುವುದಿಲ್ಲ.

ಸಿರಸಂಗಿಯ ಸುತ್ತಲಿನ ಎರೆ ಭೂಮಿಯಲ್ಲಿ ಹಿಂಗಾರಿ ಬಿತ್ತನೆಯ ಹೊತ್ತಿಗೆ ಸ್ಪ್ರಿಂಕ್ಲರ್ ಪೈಪಿನ ಜಾಹೀರಾತು ಒಂದು ಬರುತ್ತದೆ ಎಂದುಕೊಳ್ಳಿ. ಕಡಲೆಗೆ ಒಂದು ಸಲ ನೀರು ಹಾಯಿಸುವ ವಿಚಾರದಲ್ಲಿರುವ ರೈತ ಅದನ್ನು ಒತ್ತುತ್ತಾನೆ. ಒತ್ತಿದ ಮೇಲೆ ತೆರೆಯುವ ಪುಟವನ್ನೇ ಈ ದಂಧೆಯಲ್ಲಿ ಲ್ಯಾಂಡಿಂಗ್ ಪೇಜ್ ಅನ್ನುತ್ತಾರೆ. ನಮ್ಮ ಭಾಗದಲ್ಲಿ ನಾನು ತೆರೆದು ನೋಡಿದ ಇಂಥ ಪುಟಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಪ್ರಿಂಟಿಂಗ್ ಪ್ರೆಸ್ಸಿನ ಡಿಸೈನರ್ ಕೋರೆಲ್ ಡ್ರಾನಲ್ಲಿ, ನುಡಿ ಅಕ್ಷರದಲ್ಲಿ ಮಾಡಿದ ಬ್ಯಾನರನ್ನೇ ದೊಡ್ಡ ಚಿತ್ರ ಮಾಡಿ ಪುಟಕ್ಕೆ ಅಂಟಿಸಿರುತ್ತಾರೆ. ಮೇಲೆ ದೇವರ ಫೋಟೊ, ಅದರ ಕೆಳಗೆ ಮಾಲೀಕರ ಫೋಟೊ, ನಡುವೆ ಪೈಪು, ತೀರ ಕೆಳಗೆ ಸಬ್ಸಿಡಿ ಮಾಹಿತಿ ಮತ್ತು ಫೋನ್ ನಂಬರ್. ಕನ್ನಡದ ಮಾತೆಲ್ಲ ಆ ಚಿತ್ರದೊಳಗೇ ಇರುತ್ತದೆ. ಸಾಧಾರಣ ಜೆಪಿಜಿ ಚಿತ್ರ ನಿಧಾನದ ನೆಟ್‌ವರ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಮೂಡುತ್ತದೆ. ದೇವರು ಮೊದಲು ಬರುತ್ತಾನೆ, ರೈತನಿಗೆ ಬೇಕಾದ ನಂಬರು ಕಟ್ಟಕಡೆಗೆ.

ಚಿತ್ರ, ಸ್ಲೈಡರ್, ಮ್ಯಾಪ್, ಯೂಟ್ಯೂಬ್ ವಿಡಿಯೊ, ಚಾಟ್ ಗುಂಡಿ ಎಲ್ಲ ಸೇರಿ ಪುಟ 3 ಎಂಬಿ ಆಯಿತು ಎಂದು ಹಿಡಿಯಿರಿ. 3 ಎಂಬಿ ಅಂದರೆ 24 ಮೆಗಾಬಿಟ್. ಸೆಕೆಂಡಿಗೆ 1.6 ಮೆಗಾಬಿಟ್ ಸಿಕ್ಕರೆ 15 ಸೆಕೆಂಡು ಬೇಕು. ಸಂಜೆ ಹೊತ್ತು ಊರೆಲ್ಲ ವಿಡಿಯೊ ನೋಡುವಾಗ 0.4 ಮೆಗಾಬಿಟ್ಟಿಗೆ ಇಳಿದರೆ ಪೂರ್ತಿ ಒಂದು ನಿಮಿಷ. ಫೋನಿನಲ್ಲಿ ಕಡ್ಡಿ ತುಂಬ ಇದ್ದರೂ ಹೀಗಾಗಬಹುದು. ಆ ಕಡ್ಡಿಗಳು ಟವರಿನ ಸಿಗ್ನಲ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ತೋರಿಸುತ್ತವೆಯೇ ಹೊರತು ಅದೇ ಟವರನ್ನು ಎಷ್ಟು ಮಂದಿ ಹಂಚಿಕೊಂಡಿದ್ದಾರೆ ಎಂಬುದನ್ನಲ್ಲ. ಯುಗಾದಿ ಹೊತ್ತಿಗೆ ಕಾಳಮ್ಮನ ಜಾತ್ರೆಯಲ್ಲೋ, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡದಲ್ಲೋ ಫೋನ್ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಟದ ತೂಕಕ್ಕಿಂತ ಮೊದಲೇ ಇನ್ನೊಂದು ಖರ್ಚು ಇದೆ. ಫೋನು ಸರ್ವರಿನ ವಿಳಾಸ ಕೇಳಬೇಕು, ಸಂಪರ್ಕ ತೆರೆಯಬೇಕು, ಅದಕ್ಕೆ ಗುಪ್ತ ಬೀಗ ಹಾಕಬೇಕು, ಆಮೇಲೆ ಪುಟ ಕೇಳಬೇಕು. ಸಾಮಾನ್ಯವಾಗಿ ನಾಲ್ಕು ಸಲ ಹೋಗಿ ಬರುವ ಕೆಲಸ. 3ಜಿ ಪರೀಕ್ಷೆಗೆ ಉಪಕರಣಗಳು ಸಾಮಾನ್ಯವಾಗಿ ಹಿಡಿಯುವಂತೆ ಒಂದು ಹೋಗಿಬರುವಿಕೆಗೆ 300 ಮಿಲಿಸೆಕೆಂಡು ಅಂದರೂ ಮೊದಲ ಅಕ್ಷರ ಬರುವ ಹೊತ್ತಿಗೆ 1.2 ಸೆಕೆಂಡು ಕಳೆದಿರುತ್ತದೆ. ನಡುವೆ ಚಿಕ್ಕ ಲಿಂಕೋ, ಏಜೆನ್ಸಿಯ ಟ್ರ್ಯಾಕಿಂಗ್ ವಿಳಾಸವೋ ಇದ್ದರೆ ಇಷ್ಟೇ ಹೊತ್ತು ಮತ್ತೊಮ್ಮೆ. ಫಾಂಟ್ ಒಂದು ಕಡೆಯಿಂದ, ಮ್ಯಾಪ್ ಇನ್ನೊಂದು ಕಡೆಯಿಂದ ಬರುವುದಾದರೆ ಪ್ರತಿ ಹೊಸ ವಿಳಾಸಕ್ಕೂ ಇದೇ ಓಡಾಟ. ಫೋನ್ ಹಿಡಿದವನಿಗೆ ಕಾಣುವುದು ಬಿಳಿ ತೆರೆ ಮತ್ತು ತಿರುಗುವ ಚಕ್ರ. "ಗಿರಗಿರ ತಿರಗಾಕತ್ತೈತ್ರೀ" ಅಂದು ಅವನು ಹಿಂದಕ್ಕೆ ಹೋಗುತ್ತಾನೆ.

ಇಲ್ಲಿ ನಷ್ಟಕ್ಕೆ ಸದ್ದೇ ಇಲ್ಲದಂತಾಗುತ್ತದೆ. ಗೂಗಲ್ ಜಾಹೀರಾತಿನಲ್ಲಿ ಕ್ಲಿಕ್ಕಿಗೆ ದುಡ್ಡು ಕೊಡುವ ವ್ಯವಸ್ಥೆಯಿದ್ದರೆ ಒತ್ತಿದ ಕೂಡಲೇ ಹಣ ಕಡಿತವಾಗುತ್ತದೆ, ಪುಟ ತೆರೆಯಿತೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಪುಟದಲ್ಲಿರುವ ಅನಾಲಿಟಿಕ್ಸ್ ಮಾತ್ರ ತನ್ನ ಸ್ಕ್ರಿಪ್ಟ್ ಇಳಿದು ಓಡಿದ ಮೇಲೆಯೇ ಎಣಿಸಲು ಶುರುಮಾಡುತ್ತದೆ. ಈ ಎರಡರ ನಡುವೆ ಬಿಟ್ಟುಹೋದವನು ಖರ್ಚಿನ ಲೆಕ್ಕದಲ್ಲಿದ್ದಾನೆ, ಭೇಟಿಯ ಲೆಕ್ಕದಲ್ಲಿ ಇಲ್ಲ. ಫಾರ್ಮ್ ತುಂಬಿದವರಲ್ಲೂ ಕೆಲವರು ಹೀಗೆ ಕಳೆದುಹೋಗುತ್ತಾರೆ. ಕನ್ವರ್ಷನ್ ಎಣಿಸುವ ತುಣುಕನ್ನು 'ಧನ್ಯವಾದ' ಎಂಬ ಮುಂದಿನ ಪುಟದಲ್ಲಿ ಇಟ್ಟಿರುತ್ತಾರೆ. ಆ ಪುಟ ಬರುವ ಮುಂಚೆ ಫೋನ್ ಕಿಸೆಗೆ ಹೋದರೆ ಅಂಗಡಿಗೆ ಗಿರಾಕಿಯ ನಂಬರ್ ಸಿಕ್ಕಿರುತ್ತದೆ, ಆದರೆ ವರದಿಗೆ ಅದು ಗೊತ್ತಿರುವುದಿಲ್ಲ.

ಲೆಕ್ಕ ತಿಳಿಯಲೆಂದು ಕೆಲವು ಅಂಕಿ ಊಹಿಸಿಕೊಳ್ಳೋಣ. ಕ್ಲಿಕ್ಕಿಗೆ 3 ರೂಪಾಯಿ. ನಗರದಿಂದ 1,000 ಕ್ಲಿಕ್, ಹಳ್ಳಿಗಳಿಂದ 1,000 ಕ್ಲಿಕ್, ತಲಾ 3,000 ರೂಪಾಯಿ ಖರ್ಚು. ನಗರದಲ್ಲಿ 900 ಜನರಿಗೆ ಪುಟ ತೆರೆಯಿತು, ಅವರಲ್ಲಿ ನೂರಕ್ಕೆ 5 ಜನ ಫಾರ್ಮ್ ತುಂಬಿದರು. 45 ಫಾರ್ಮ್, ಒಂದಕ್ಕೆ ಸುಮಾರು 67 ರೂಪಾಯಿ. ಹಳ್ಳಿಯಲ್ಲಿ 500 ಜನರಿಗೆ ಮಾತ್ರ ತೆರೆಯಿತು. ಪೈಪು ನಿಜವಾಗಿ ಬೇಕಾದವರು ಅವರೇ ಆದ್ದರಿಂದ ನೂರಕ್ಕೆ 6 ಜನ ತುಂಬಿದರು. 30 ಫಾರ್ಮ್, ಒಂದಕ್ಕೆ 100 ರೂಪಾಯಿ. ವರದಿ ಓದುವವನಿಗೆ ಹಳ್ಳಿ ಒಂದೂವರೆ ಪಟ್ಟು ದುಬಾರಿಯಾಗಿ ಕಾಣುತ್ತದೆ. ಪುಟವನ್ನು ಹಗುರ ಮಾಡಿ ಅದೇ ಸಾವಿರದಲ್ಲಿ 850 ಜನರಿಗೆ ತೆರೆಯುವಂತೆ ಮಾಡಿದ್ದರೆ 51 ಫಾರ್ಮ್ ಬರುತ್ತಿದ್ದವು, ಒಂದಕ್ಕೆ 59 ರೂಪಾಯಿ. ನಗರಕ್ಕಿಂತ ಅಗ್ಗದ, ಹೆಚ್ಚು ಆಸಕ್ತಿಯ ಗಿರಾಕಿಗಳನ್ನೇ ಏಜೆನ್ಸಿ ಪಟ್ಟಿಯಿಂದ ತೆಗೆದುಹಾಕಿದೆ.

ತೆಗೆಯುವುದು ಮನುಷ್ಯರಷ್ಟೇ ಅಲ್ಲ. ಕನ್ವರ್ಷನ್ ನೋಡಿ ತಾನೇ ಬೆಲೆ ಕೂಗುವ ಸ್ವಯಂಚಾಲಿತ ಬಿಡ್ಡಿಂಗ್ ಇದ್ದರೆ, ಯಾವ ಊರಿನ ಕ್ಲಿಕ್ಕುಗಳಿಂದ ಫಾರ್ಮ್ ಬರುತ್ತಿಲ್ಲವೋ ಆ ಊರಿಗೆ ಜಾಹೀರಾತು ತೋರಿಸುವುದನ್ನೇ ಅದು ಕಡಿಮೆ ಮಾಡುತ್ತ ಹೋಗುತ್ತದೆ. ಗೂಗಲ್ ಹುಡುಕಾಟದ ಜಾಹೀರಾತಿನಲ್ಲಿ ಕ್ವಾಲಿಟಿ ಸ್ಕೋರಿನ ಮೂರು ಅಂಗಗಳಲ್ಲಿ ಲ್ಯಾಂಡಿಂಗ್ ಪೇಜಿನ ಅನುಭವವೂ ಒಂದು. ಆ ಅನುಭವ ಕೆಟ್ಟದಾಗಿದ್ದರೆ ಅದೇ ಜಾಗಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿ ಬರಬಹುದು. ಆಗ ಭಾಗಿಸುವ ಫಾರ್ಮ್‌ಗಳ ಸಂಖ್ಯೆ ಕುಗ್ಗುವುದರ ಜೊತೆಗೆ ಕ್ಲಿಕ್ಕಿನ ಬೆಲೆಯೂ ಏರುತ್ತದೆ.

ವೇಗದ ಸರಾಸರಿ ನೋಡಿ ಸಮಾಧಾನ ಪಡುವವರಿಗೆ ಯೂಟ್ಯೂಬಿನ ಒಂದು ಹಳೆಯ ಪ್ರಯೋಗವನ್ನು ನೆನಪಿಸಬೇಕು. ಅಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಜಕರಾಯಸ್ ವಿಡಿಯೊ ಪುಟವನ್ನು 1.2 ಎಂಬಿಯಿಂದ 98 ಕೆಬಿಗೆ ಇಳಿಸಿದರು. ಒಂದಿಷ್ಟು ಜನರಿಗೆ ಅದನ್ನು ತೋರಿಸಿ ನೋಡಿದಾಗ ಪುಟ ತೆರೆಯುವ ಸರಾಸರಿ ಸಮಯ ಇಳಿಯುವ ಬದಲು ಏರಿತ್ತು. ದೇಶವಾರು ಬಿಡಿಸಿದಾಗ ಕಾರಣ ಸಿಕ್ಕಿತು. ಆಗ್ನೇಯ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ, ಸೈಬೀರಿಯಾದಂಥ ಕಡೆಗಳಲ್ಲಿ ಹಿಂದೆ ಪುಟ ತೆರೆಯಲಾರದೆ ಬಿಟ್ಟುಹೋಗುತ್ತಿದ್ದವರು ಈಗ ಎರಡು ನಿಮಿಷ ಕಾದಾದರೂ ನೋಡತೊಡಗಿದ್ದರು, ಅವರ ನಿಧಾನ ಸರಾಸರಿಯೊಳಗೆ ಮೊದಲ ಬಾರಿಗೆ ಸೇರಿತ್ತು. 2012ರಲ್ಲಿ ಅವರೇ ಇದನ್ನು ಬರೆದರು. ಅದನ್ನು ಓದಿದ ಮೇಲೆ ನಾನು "ನಮ್ಮ ಪುಟ ಸರಾಸರಿ ಮೂರು ಸೆಕೆಂಡಿನಲ್ಲಿ ತೆರೆಯುತ್ತದೆ" ಎಂಬ ಮಾತನ್ನು ನಂಬುವುದು ಬಿಟ್ಟೆ. ಆ ಸರಾಸರಿಯಲ್ಲಿ ತೆರೆದವರಷ್ಟೇ ಇದ್ದಾರೆ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಕೂಡ ನಿಜವಾದ ಬಳಕೆದಾರರ ಅಂಕಿಯನ್ನು ಕೊಡುವುದು ಸಾಕಷ್ಟು ಭೇಟಿಗಳಿದ್ದಾಗ ಮಾತ್ರ. ಸವದತ್ತಿಯ ಒಂದು ಪೈಪಿನಂಗಡಿಯ ಪುಟಕ್ಕೆ ಆ ಜಾಗ ಬಹುಪಾಲು ಖಾಲಿಯಾಗಿಯೇ ಇರುತ್ತದೆ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಫೇಸ್‌ಬುಕ್ ಜಾಹೀರಾತಿನ ವರದಿಯಲ್ಲಿ ಲಿಂಕ್ ಕ್ಲಿಕ್ ಮತ್ತು ಲ್ಯಾಂಡಿಂಗ್ ಪೇಜ್ ವ್ಯೂ ಎಂಬ ಎರಡು ಬೇರೆ ಕಾಲಂಗಳಿವೆ. ಅವೆರಡರ ಅಂತರವನ್ನು ಏಜೆನ್ಸಿಯವರು ತೋರಿಸುವುದು ಅಪರೂಪ, ಕೇಳಿ ತೆಗೆಸಿಕೊಳ್ಳಬೇಕು. ಗೂಗಲ್ ಜಾಹೀರಾತಾದರೆ ಸಾಮಾನ್ಯವಾಗಿ ಪ್ರತಿ ಕ್ಲಿಕ್ಕಿನ ವಿಳಾಸಕ್ಕೂ `gclid` ಎಂಬ ಗುರುತು ಸೇರಿಕೊಳ್ಳುತ್ತದೆ. ಸರ್ವರಿನ ಲಾಗ್‌ನಲ್ಲಿ ಅಂಥ ಬೇರೆ ಬೇರೆ ಗುರುತುಗಳು ಎಷ್ಟಿವೆ ಎಂದು ಒಂದೇ ಸಾಲಿನಲ್ಲಿ ಎಣಿಸಬಹುದು:

```
grep -o 'gclid=[^& "]*' access.log | sort -u | wc -l
```

ಈಗ ಕೈಯಲ್ಲಿ ಮೂರು ಎಣಿಕೆ ಇವೆ. ಬಿಲ್ಲಿನಲ್ಲಿರುವ ಕ್ಲಿಕ್ಕಿಗೂ ಲಾಗಿಗೂ ನಡುವಿನ ಅಂತರ ಸರ್ವರನ್ನೇ ಮುಟ್ಟದೆ ಹೋದವರದು. ಲಾಗಿಗೂ ಅನಾಲಿಟಿಕ್ಸಿಗೂ ನಡುವಿನ ಅಂತರ ಪುಟ ಇಳಿಯುವಾಗ ಬಿಟ್ಟವರದು. ಮೊದಲನೆಯದು ದೊಡ್ಡದಿದ್ದರೆ ನಡುವಿನ ಟ್ರ್ಯಾಕಿಂಗ್ ವಿಳಾಸಗಳನ್ನು ಕಿತ್ತುಹಾಕಬೇಕು, ಎರಡನೆಯದು ದೊಡ್ಡದಿದ್ದರೆ ಪುಟದ ತೂಕ ಇಳಿಸಬೇಕು. ಅಂತರವೆಲ್ಲ ನಿಧಾನದಿಂದಲೇ ಆಯಿತು ಅನ್ನಲಾಗದು. ಕೈತಪ್ಪಿ ಒತ್ತಿದವರೂ, ಎಣಿಕೆಯನ್ನು ತಡೆದ ಬ್ರೌಸರ್‌ಗಳೂ ಅದರಲ್ಲಿ ಸೇರಿರುತ್ತವೆ. ಆದರೆ ಕೈತಪ್ಪುವುದು ಬೆಳಗಾವಿಯಲ್ಲೂ ಸಿರಸಂಗಿಯಲ್ಲೂ ಇದ್ದದ್ದೇ. ಬೆಳಗಾವಿಗಿಂತ ಸಿರಸಂಗಿಯ ಕಡೆ ಅಂತರ ಎಷ್ಟು ಹೆಚ್ಚಿದೆಯೋ ಆ ಹೆಚ್ಚಿನ ಪಾಲಿಗೆ ಮೊದಲು ನೆಟ್‌ವರ್ಕನ್ನೂ ಪುಟವನ್ನೂ ಅನುಮಾನಿಸಬೇಕು.

ಪುಟ ಸರಿಮಾಡುವುದು ದುಬಾರಿ ಕೆಲಸವೇನಲ್ಲ. ಸಂಪರ್ಕ ತೆರೆದ ಮೇಲೆ ಸರ್ವರ್ ಮೊದಲ ಕಂತಿನಲ್ಲಿ ಸುಮಾರು 14 ಕೆಬಿ ಕಳಿಸುತ್ತದೆ. ಪೈಪಿನ ದರ, ಸಬ್ಸಿಡಿಗೆ ಬೇಕಾದ ಕಾಗದಪತ್ರ, ಹೆಸರು ಮತ್ತು ನಂಬರಿನ ಎರಡೇ ಖಾನೆಯ ಫಾರ್ಮ್, ಒತ್ತಿದರೆ ಕರೆ ಹೋಗುವ `tel:` ಲಿಂಕ್, ಇಷ್ಟೂ ಆ 14 ಕೆಬಿಯೊಳಗೆ ಹಿಡಿಯುತ್ತದೆ. ಕನ್ನಡವನ್ನು ಯೂನಿಕೋಡಿನಲ್ಲಿ ಬರೆದರೆ ಸಾಕು, ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ, ಬೇರೆ ಫಾಂಟ್ ಕಳಿಸಬೇಕಿಲ್ಲ. ಪೈಪಿನ ಒಂದು ಚಿತ್ರ 40-50 ಕೆಬಿಯದಾದರೆ ಕೊನೆಗೆ ಬರಲಿ. ಮಾಲೀಕರ ಫೋಟೊ ಬೇಕೆಂದು ಹಟ ಹಿಡಿದರೆ ಅದು ಫಾರ್ಮಿನ ಕೆಳಗಿರಲಿ. ಇದೇ ಕರ್ನಾಟಕದ ಫ್ಲಿಪ್‌ಕಾರ್ಟ್ 2015ರಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹಗುರ ಮೊಬೈಲ್ ಸೈಟ್ ತಂದಾಗ ಅದರ ಬಳಕೆದಾರರಲ್ಲಿ ಶೇ 63 ಮಂದಿ 2ಜಿಯಲ್ಲಿದ್ದರು. ಬೆಂಗಳೂರಿನ ದೊಡ್ಡ ಕಂಪನಿ ಲೆಕ್ಕಕ್ಕೆ ಹಿಡಿದ ಆ ಜನರನ್ನು ಅವರ ನೆರೆಯಲ್ಲೇ ಇರುವ ಅಂಗಡಿಯವರು ಬಿಟ್ಟುಕೊಡುವುದು ನನಗೆ ಸಹಿಸಲಾಗದ ಸಂಗತಿ.

ಡೇಟಾ ತೀರ ಕುಂಟುವ ಕಡೆ ಯಾವ ಹಗುರ ಪುಟವೂ ನಡೆಯದು. ಅಲ್ಲಿಗೆ ಪುಟವಿಲ್ಲದೆ ನೇರ ಕರೆ ಹೋಗುವ ಜಾಹೀರಾತೇ ಸರಿ. ಫೇಸ್‌ಬುಕ್ಕಿನೊಳಗೇ ತೆರೆಯುವ ಫಾರ್ಮ್ ಬೇಗ ಬರುತ್ತದೆ ನಿಜ, ಆದರೆ ಹೆಸರು, ನಂಬರ್ ತಾನೇ ತುಂಬಿಕೊಳ್ಳುವುದರಿಂದ ಆಸಕ್ತಿ ಇಲ್ಲದವರದೂ ಸೇರಿಬರುತ್ತದೆ, ಅಂಗಡಿಯ ಹುಡುಗ ದಿನವಿಡೀ ಅವರಿಗೆ ಫೋನ್ ಹಚ್ಚುತ್ತ ಕೂರಬೇಕಾಗುತ್ತದೆ. ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳುವುದು ಮೇಲು. ಪುಟ ಬದಲಿಸಿದ ಮೇಲೆ ಹಳೆಯದಕ್ಕೂ ಹೊಸದಕ್ಕೂ ಅದೇ ಎರಡು ವಾರ, ಅದೇ ಊರುಗಳಲ್ಲಿ ಅರ್ಧರ್ಧ ಕ್ಲಿಕ್ ಹಂಚಿ ಹೋಲಿಸಬೇಕು, ಏಕೆಂದರೆ ಬಿತ್ತನೆಗೆ ಮುಂಚಿನ ವಾರವನ್ನು ಬಿತ್ತನೆಯ ವಾರಕ್ಕೆ ಹೋಲಿಸಿದರೆ ಹಂಗಾಮಿನ ಬೇಡಿಕೆಯೇ ಪುಟದ ಗುಣವಾಗಿ ಕಾಣುತ್ತದೆ. ಹೋಲಿಸಬೇಕಾದದ್ದು ಪುಟ ತೆರೆಯುವ ಸರಾಸರಿ ಸೆಕೆಂಡನ್ನಲ್ಲ, ತಾಲ್ಲೂಕುವಾರು ಅಂಗಡಿಗೆ ಬಂದ ಪ್ರತಿ ಕರೆಗೂ ಫಾರ್ಮಿಗೂ ಬಿದ್ದ ರೂಪಾಯಿಯನ್ನು.